ಐದು ಖಿಲ, ಆರು ಅಲ್ಲ: ವರ್ಗಗಳ ಪಟ್ಟಿ ಕೊಡುವ ಖಚಿತ ತೀರ್ಪು

ಭಾಸ್ಕರಾಚಾರ್ಯರ ‘ಬೀಜಗಣಿತ’ ಹನ್ನೆರಡನೆಯ ಶತಮಾನದ ಗ್ರಂಥ. ಅದರಲ್ಲಿ ವರ್ಗಕುಟ್ಟಕ ಎಂಬ ಭಾಗವಿದೆ. ಅಲ್ಲಿ ಅವರು ಓದುಗರ ಮುಂದೆ ಒಂದು ಪುಟ್ಟ ಲೆಕ್ಕವನ್ನು ಇಡುತ್ತಾರೆ. ಒಂದು ಸಂಖ್ಯೆಯ ವರ್ಗದಿಂದ 4 ಕಳೆದರೆ ಉಳಿದದ್ದು 7ರಿಂದ ಪೂರ್ತಿ ಭಾಗವಾಗಬೇಕು. ಆ ಸಂಖ್ಯೆ ಯಾವುದು? 4ರ ಬದಲು 30 ಕಳೆದರೆ ಯಾವುದು?

ಮೊದಲನೆಯದು ಸುಲಭ. 2ರ ವರ್ಗವೇ 4, ಕಳೆದರೆ ಸೊನ್ನೆ. ಸೊನ್ನೆ ಬೇಡವೆನ್ನುವವರು 9ನ್ನು ತೆಗೆದುಕೊಳ್ಳಬಹುದು: 81ರಲ್ಲಿ 4 ಹೋದರೆ 77, ಅಂದರೆ ಏಳು ಹನ್ನೊಂದಲ. ಎರಡನೆಯದಕ್ಕೆ ಸ್ವಲ್ಪ ಹುಡುಕಬೇಕು. 10ರ ವರ್ಗ 100, ಅದರಲ್ಲಿ 30 ಹೋದರೆ 70. ಸಿಕ್ಕಿತು. 11 ಕೂಡ ನಡೆಯುತ್ತದೆ: 121ರಲ್ಲಿ 30 ಹೋದರೆ 91, ಅದು 7ರ ಹದಿಮೂರು ಪಟ್ಟು.

ಈಗ ಆ 30ನ್ನು 31 ಮಾಡಿ ನೋಡೋಣ. 10ರ ವರ್ಗದಲ್ಲಿ 31 ಕಳೆದರೆ 69, ಭಾಗವಾಗುವುದಿಲ್ಲ. 11ರಲ್ಲಿ 90, ಇಲ್ಲ. 12ರಲ್ಲಿ 113, ಇಲ್ಲ. 13ರಲ್ಲಿ 138, ಅದೂ ಇಲ್ಲ. ಹೀಗೆ ನೂರು ಸಂಖ್ಯೆ ನೋಡಿದರೂ ಸಿಗುವುದಿಲ್ಲ, ಸಾವಿರ ನೋಡಿದರೂ ಸಿಗುವುದಿಲ್ಲ. ಆದರೆ ಸಾವಿರ ಸಲ ಸಿಗಲಿಲ್ಲ ಎಂದ ಮಾತ್ರಕ್ಕೆ ಸಾವಿರದ ಒಂದನೆಯ ಸಲವೂ ಸಿಗದು ಎನ್ನಲು ಆಧಾರವೇನು? ‘ಇದೆ’ ಎನ್ನುವವರು ಒಂದು ಉದಾಹರಣೆ ತೋರಿಸಿದರೆ ಸಾಕು. ‘ಇಲ್ಲವೇ ಇಲ್ಲ’ ಎನ್ನುವವರು ಎಣಿಕೆಗೆ ನಿಲುಕದಷ್ಟು ಸಂಖ್ಯೆಗಳ ಪರವಾಗಿ ಮಾತು ಕೊಡಬೇಕಾಗುತ್ತದೆ. ಆ ಮಾತನ್ನು ಧೈರ್ಯವಾಗಿ ಕೊಡಲು ಒಂದು ಚಿಕ್ಕ ಪಟ್ಟಿ ಸಾಕು. ಕಾಗದದ ಅರ್ಧ ಹಾಳೆಯಲ್ಲಿ ಹಿಡಿಯುವ ಆ ಪಟ್ಟಿಯ ಕತೆ ಇದು.

ಪ್ರಶ್ನೆಯನ್ನು ಚಿಕ್ಕದು ಮಾಡುವುದು

ಮೊದಲ ಹೆಜ್ಜೆ, ದೊಡ್ಡ ಸಂಖ್ಯೆಯನ್ನು ಅದರ ಶೇಷಕ್ಕೆ ಇಳಿಸುವುದು. 30ನ್ನು 7ರಿಂದ ಭಾಗಿಸಿದರೆ 2 ಉಳಿಯುತ್ತದೆ. ವರ್ಗದಲ್ಲಿ 30 ಕಳೆದಾಗ 7ರಿಂದ ಭಾಗವಾಗಬೇಕಾದರೆ ಆ ವರ್ಗವೂ 7ರಿಂದ ಭಾಗಿಸಿದಾಗ 2ನ್ನೇ ಉಳಿಸಬೇಕು. ಅಂದರೆ ಭಾಸ್ಕರರ ಪ್ರಶ್ನೆ ಹೀಗಾಗುತ್ತದೆ: 7ರಿಂದ ಭಾಗಿಸಿದಾಗ 2 ಉಳಿಸುವ ವರ್ಗಸಂಖ್ಯೆ ಇದೆಯೇ? 31ರ ಪ್ರಶ್ನೆಯಲ್ಲಿ ಕೇಳುವುದು 3 ಉಳಿಸುವ ವರ್ಗವನ್ನು.

ಇಂಥ ವರ್ಗ ಇದ್ದರೆ ಆ ಶೇಷವನ್ನು ವರ್ಗಶೇಷ ಎನ್ನುತ್ತಾರೆ. 7ರ ಮಟ್ಟಿಗೆ 2 ಒಂದು ವರ್ಗಶೇಷ, 3 ವರ್ಗಶೇಷವಲ್ಲ. ‘7ರ ಮಟ್ಟಿಗೆ’ ಎಂಬ ಮಾತನ್ನು ಬಿಡುವಂತಿಲ್ಲ. ಅದೇ 3, 11ರ ಮಟ್ಟಿಗೆ ವರ್ಗಶೇಷವೇ ಹೌದು: 5ರ ವರ್ಗ 25, ಅದರಲ್ಲಿ 22 ಹೋದರೆ 3. ಭಾಜಕ ಬದಲಾದರೆ ತೀರ್ಪೂ ಬದಲಾಗಬಹುದು.

ವರ್ಗಕುಟ್ಟಕದ ಲೆಕ್ಕಗಳಿಗೆ ‘ಬೀಜಗಣಿತ’ದಲ್ಲಿ ಒಂದು ನಿಯಮವೂ ಇದೆ. ಕೊಟ್ಟ ಸಂಖ್ಯೆಗೆ ವರ್ಗಮೂಲ ಬರದಿದ್ದರೆ ಅದನ್ನು ಭಾಜಕದಿಂದ ತಗ್ಗಿಸಿ ಶೇಷ ತೆಗೆದುಕೊಳ್ಳಬೇಕು. ಆ ಶೇಷಕ್ಕೆ ಭಾಜಕವನ್ನು ಮತ್ತೆ ಮತ್ತೆ ಕೂಡಿಸುತ್ತ ವರ್ಗಸಂಖ್ಯೆ ಬರುವ ತನಕ ಹೋಗಬೇಕು. ಹಾಗೆ ಮಾಡಿಯೂ ಬರದಿದ್ದರೆ ಆ ಲೆಕ್ಕ ಖಿಲ, ಅಂದರೆ ಉತ್ತರವಿಲ್ಲದ್ದು. 30ಕ್ಕೆ ಇದನ್ನು ಅನ್ವಯಿಸಿದರೆ ಶೇಷ 2; 7 ಕೂಡಿಸಿದರೆ 9; ಅದು 3ರ ವರ್ಗ. ಹಾಗಾಗಿ 3 ಒಂದು ಮೂಲ. 7ರಲ್ಲಿ 3 ಕಳೆದ 4 ಇನ್ನೊಂದು. ಇವೆರಡಕ್ಕೂ 7 ಕೂಡಿಸಿದರೆ ಮೇಲೆ ಸಿಕ್ಕ 10 ಮತ್ತು 11.

ನಿಯಮ ಸೊಗಸಾಗಿದೆ. ಆದರೆ ಅದನ್ನು ಕೈಯಲ್ಲಿ ಹಿಡಿದು ಲೆಕ್ಕಕ್ಕೆ ಕೂತವರಿಗೆ ಒಂದು ಸಂಶಯ ಬಂದೇ ಬರುತ್ತದೆ. ಕೂಡಿಸುತ್ತ ಎಲ್ಲಿಯ ತನಕ ಹೋಗಬೇಕು? ಎಷ್ಟನೆಯ ಸಲಕ್ಕೆ ಕೈಚೆಲ್ಲಿ ಖಿಲ ಎಂದು ಬರೆಯಬಹುದು?

23ರ ಪಟ್ಟಿ, ಗುಣಾಕಾರವಿಲ್ಲದೆ

ಈ ಸಂಶಯವನ್ನು ಬಗೆಹರಿಸಲು ತುಸು ದೊಡ್ಡ ಭಾಜಕವನ್ನೇ ತೆಗೆದುಕೊಳ್ಳುವುದು ಒಳ್ಳೆಯದು. 23 ಅವಿಭಾಜ್ಯ ಸಂಖ್ಯೆ, 1 ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಭಾಗವಾಗದು. ಇದರ ಮಟ್ಟಿಗೆ ಯಾವ ಯಾವ ಶೇಷಗಳು ವರ್ಗಶೇಷಗಳು ಎಂದು ಪಟ್ಟಿ ಮಾಡೋಣ.

ಪ್ರತಿಯೊಂದು ಸಂಖ್ಯೆಯ ವರ್ಗ ಮಾಡಿ 23ರಿಂದ ಭಾಗಿಸುತ್ತ ಕೂರಬೇಕಾಗಿಲ್ಲ. ಒಂದು ವರ್ಗದಿಂದ ಮುಂದಿನ ವರ್ಗಕ್ಕೆ ಹೋಗಲು ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡಿಸಿದರಾಯಿತು: 1ಕ್ಕೆ 3 ಕೂಡಿಸಿದರೆ 4, ಅದಕ್ಕೆ 5 ಕೂಡಿಸಿದರೆ 9, ಅದಕ್ಕೆ 7 ಕೂಡಿಸಿದರೆ 16. ಮೊತ್ತ 23ನ್ನು ದಾಟಿದಾಗಲೆಲ್ಲ 23 ಕಳೆಯಬೇಕು, ಅಷ್ಟೆ.

16ಕ್ಕೆ 9 ಕೂಡಿಸಿದರೆ 25, ಕಳೆದರೆ 2. ಇದು 5ರ ವರ್ಗದ ಶೇಷ. 2ಕ್ಕೆ 11 ಕೂಡಿಸಿದರೆ 13. ಅದಕ್ಕೆ 13 ಕೂಡಿಸಿದರೆ 26, ಅಂದರೆ 3. ಅದಕ್ಕೆ 15 ಕೂಡಿಸಿದರೆ 18. ಅದಕ್ಕೆ 17 ಕೂಡಿಸಿದರೆ 35, ಅಂದರೆ 12. ಅದಕ್ಕೆ 19 ಕೂಡಿಸಿದರೆ 31, ಅಂದರೆ 8. ಅದಕ್ಕೆ 21 ಕೂಡಿಸಿದರೆ 29, ಅಂದರೆ 6. ಇಲ್ಲಿಗೆ 11ರ ವರ್ಗದ ತನಕ ಬಂದಂತಾಯಿತು. ಸಾಲು ಹೀಗಿದೆ:

1, 4, 9, 16, 2, 13, 3, 18, 12, 8, 6

ಮುಂದೇನಾಗುತ್ತದೆ ಎಂಬುದೇ ಈ ಲೆಕ್ಕದ ತಿರುಳು. 12ರ ವರ್ಗಕ್ಕೆ ಹೋಗಲು ಕೂಡಿಸಬೇಕಾದ ಬೆಸ ಸಂಖ್ಯೆ ಸಾಕ್ಷಾತ್ 23. ಅದನ್ನು ಕೂಡಿಸಿ ಅದನ್ನೇ ಕಳೆದರೆ ನಿಂತಲ್ಲೇ ನಿಂತ ಹಾಗೆ, ಮತ್ತೆ 6. ಅದರ ಮುಂದಿನದು 25, ಅಂದರೆ 2 ಕೂಡಿಸಿದಷ್ಟೇ. 6 ಹೋಗಿ 8. ಆಮೇಲೆ 27, ಅಂದರೆ 4. 8 ಹೋಗಿ 12. ಆಮೇಲೆ 29, ಅಂದರೆ 6. 12 ಹೋಗಿ 18. ಬಂದ ದಾರಿಯಲ್ಲೇ ಸಾಲು ಹಿಂದಕ್ಕೆ ತಿರುಗಿದೆ: 6, 8, 12, 18, 3, 13, 2 ಎನ್ನುತ್ತ ಕೊನೆಗೆ 22ರ ವರ್ಗಕ್ಕೆ ಬಂದಾಗ 1. 23ರ ವರ್ಗಕ್ಕೆ ಶೇಷ ಸೊನ್ನೆ. 24ರಿಂದ ಇಡೀ ಆಟ ಮೊದಲಿನಿಂದ ಶುರು.

ಕಾರಣ ಸರಳ. 12 ಎಂದರೆ 23ರಲ್ಲಿ 11 ಕಳೆದದ್ದು, 13 ಎಂದರೆ 10 ಕಳೆದದ್ದು. 23ರ ಲೆಕ್ಕದಲ್ಲಿ 12ನ್ನು ಋಣ 11 ಎಂದೇ ತಿಳಿಯಬಹುದು. ಋಣ ಚಿಹ್ನೆ ವರ್ಗದಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ 11ರ ಆಚೆಗಿನ ಯಾವ ಸಂಖ್ಯೆಯೂ, ಅದು ಎಷ್ಟೇ ದೊಡ್ಡದಿರಲಿ, ಈ ಹನ್ನೊಂದರ ಪಟ್ಟಿಗೆ ಹೊಸ ಶೇಷವನ್ನು ತರಲಾರದು, ತಂದರೆ ಸೊನ್ನೆಯೊಂದನ್ನೇ. ಕೊನೆಯೇ ಇಲ್ಲದ ಹುಡುಕಾಟ ಹನ್ನೊಂದು ಕೂಡಿಕೆಗಳಲ್ಲಿ ಮುಗಿಯಿತು. 5 ಈ ಪಟ್ಟಿಯಲ್ಲಿಲ್ಲ. ಹಾಗಾಗಿ 23ರಿಂದ ಭಾಗಿಸಿದಾಗ 5 ಉಳಿಸುವ ವರ್ಗಸಂಖ್ಯೆ ಇಲ್ಲ. ಹುಡುಕಿ ಸಿಗದೆ ಹೋದದ್ದಲ್ಲ, ಇರಲು ಸಾಧ್ಯವೇ ಇಲ್ಲ.

ಎಲ್ಲಿ ನಿಲ್ಲಬೇಕು

ಈಗ ಭಾಸ್ಕರರ ನಿಯಮಕ್ಕೆ ಮರಳಿದರೆ ಕೂಡಿಸುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿಯುತ್ತದೆ. 23ಕ್ಕೆ ನೋಡಬೇಕಾದ ವರ್ಗಗಳಲ್ಲಿ ಕೊನೆಯದು 11ರ ವರ್ಗ, 121. ಕೂಡಿಸುತ್ತ ಹೋದ ಮೊತ್ತ 121ನ್ನು ದಾಟಿದ ಮೇಲೆ ಮುಂದೆ ಹೋಗುವ ಅಗತ್ಯವಿಲ್ಲ.

5ರಿಂದ ಹೊರಟರೆ 5, 28, 51, 74, 97, 120. ಮುಂದಿನದು 143, ಗಡಿ ದಾಟಿತು. ಇವುಗಳಲ್ಲಿ ಒಂದೂ ವರ್ಗವಲ್ಲ. ಖಿಲ.

6ರಿಂದ ಹೊರಟರೆ 6, 29, 52, 75, 98. ಇಲ್ಲಿಯ ತನಕ ಒಂದೂ ವರ್ಗವಲ್ಲ. ಬೇಸತ್ತು ಇಲ್ಲಿಗೇ ಕೈಬಿಟ್ಟವರು 6ನ್ನೂ ಖಿಲದ ಪಟ್ಟಿಗೆ ಸೇರಿಸಿಬಿಡುತ್ತಾರೆ. ಇನ್ನೊಮ್ಮೆ 23 ಕೂಡಿಸಿದರೆ 121, ಅದು 11ರ ವರ್ಗ! ಪಕ್ಕಪಕ್ಕದ ಎರಡು ಸಂಖ್ಯೆಗಳು, ಕೊನೆಯ ಹೆಜ್ಜೆಯ ತನಕ ಎರಡರ ನಡೆಯೂ ಒಂದೇ ಥರ. ಒಂದು 120ಕ್ಕೆ ಬಂದು ತಪ್ಪಿತು, ಇನ್ನೊಂದು 121ಕ್ಕೆ ಬಂದು ಗೆದ್ದಿತು. ಗಡಿ ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕಾದದ್ದು ಇದಕ್ಕೇ.

ಯಾವುದೇ ಬೆಸ ಅವಿಭಾಜ್ಯಕ್ಕೂ ಗಡಿ ಕಂಡುಕೊಳ್ಳುವ ಬಗೆ ಇದೇ. ಅದರಲ್ಲಿ 1 ಕಳೆದು ಅರ್ಧ ಮಾಡಬೇಕು. 7ಕ್ಕೆ 3, 13ಕ್ಕೆ 6, 23ಕ್ಕೆ 11. ಅಷ್ಟು ಸಂಖ್ಯೆಗಳ ವರ್ಗ ನೋಡಿದರೆ ಕೆಲಸ ಮುಗಿಯಿತು. 7ರ ಪಟ್ಟಿ ಮೂರೇ ಮೂರು: 1, 4, 2. ಅದರಲ್ಲಿ 3 ಇಲ್ಲ. 31ರ ಪ್ರಶ್ನೆಗೆ ಉತ್ತರವಿಲ್ಲ ಎಂಬ ಮಾತು ಇಷ್ಟರಲ್ಲೇ ಸಿದ್ಧವಾಯಿತು.

ಪಟ್ಟಿ ಸರಿ ಇದೆಯೇ?

ಕೈಲೆಕ್ಕದಲ್ಲಿ ತಪ್ಪು ನುಸುಳುವುದು ಸಹಜ. ಬೆಸ ಸಂಖ್ಯೆಗಳನ್ನು ಕೂಡಿಸುತ್ತ ಹೋಗುವ ಕ್ರಮದಲ್ಲಂತೂ ಒಂದು ಕಡೆ ಎಡವಿದರೆ ಮುಂದಿನದೆಲ್ಲ ಕೆಡುತ್ತದೆ. ಒಳ್ಳೆಯ ಸುದ್ದಿಯೆಂದರೆ, ತಪ್ಪು ತಾನಾಗಿಯೇ ಸಿಕ್ಕಿಬೀಳುವಂಥ ಗುರುತುಗಳು ಈ ಪಟ್ಟಿಯಲ್ಲೇ ಇವೆ.

ಮೊದಲನೆಯ ಗುರುತು, ಅರ್ಧದ ತನಕ ಬರೆದ ಶೇಷಗಳಲ್ಲಿ ಯಾವುದೂ ಎರಡು ಸಲ ಬರಬಾರದು. ಎರಡು ಬೇರೆ ಸಂಖ್ಯೆಗಳ ವರ್ಗಗಳು ಒಂದೇ ಶೇಷ ಉಳಿಸಿದವು ಎಂದಿಟ್ಟುಕೊಳ್ಳೋಣ. ಆಗ ಅವುಗಳ ವರ್ಗಗಳ ವ್ಯತ್ಯಾಸ 23ರಿಂದ ಭಾಗವಾಗಬೇಕು. ವರ್ಗಗಳ ವ್ಯತ್ಯಾಸವೆಂದರೆ ಆ ಎರಡು ಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು. 23 ಅವಿಭಾಜ್ಯವಾದ್ದರಿಂದ ಗುಣಲಬ್ಧವನ್ನು ಭಾಗಿಸಬೇಕಾದರೆ ಮೊತ್ತವನ್ನೋ ವ್ಯತ್ಯಾಸವನ್ನೋ ಭಾಗಿಸಲೇಬೇಕು. ಆದರೆ ಎರಡೂ ಸಂಖ್ಯೆಗಳು 11ರ ಒಳಗಿನವು. ಮೊತ್ತ 21ನ್ನು ಮೀರದು, ವ್ಯತ್ಯಾಸ 10ನ್ನು ಮೀರದು. ಎರಡನ್ನೂ 23 ಭಾಗಿಸಲಾರದು. ಹಾಗಾಗಿ ಪಟ್ಟಿಯಲ್ಲಿ ಪುನರಾವರ್ತನೆ ಕಂಡರೆ ಕೂಡಿಸುವಾಗ ತಪ್ಪಿದೆ ಎಂದೇ ಅರ್ಥ. ಇದರಿಂದ ಇನ್ನೊಂದು ವಿಷಯವೂ ತಿಳಿಯಿತು: 1ರಿಂದ 22ರ ತನಕದ ಶೇಷಗಳಲ್ಲಿ ಸರಿಯಾಗಿ ಅರ್ಧ ವರ್ಗಶೇಷಗಳು, ಅರ್ಧ ಅಲ್ಲ.

ಎರಡನೆಯದು ಮೊತ್ತದ ತಾಳೆ. ಪಟ್ಟಿಯ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ಬರುವ ಮೊತ್ತ ಆ ಅವಿಭಾಜ್ಯದಿಂದ ಭಾಗವಾಗಬೇಕು. 3ಕ್ಕಿಂತ ದೊಡ್ಡದಾದ ಎಲ್ಲ ಅವಿಭಾಜ್ಯಗಳಿಗೂ ಇದು ನಿಜ. 23ರ ಪಟ್ಟಿಯ ಮೊತ್ತ 92, ಅದು 23ರ ನಾಲ್ಕು ಪಟ್ಟು. 7ರ ಪಟ್ಟಿಯಲ್ಲಿ 1, 4, 2 ಸೇರಿದರೆ 7. ಒಂದೇ ಒಂದು ಶೇಷ ತಪ್ಪಾಗಿದ್ದರೂ ಈ ತಾಳೆ ಕೂಡಿಬರುವುದಿಲ್ಲ.

ಮೂರನೆಯದು ಗುಣಾಕಾರದ ತಾಳೆ. ಪಟ್ಟಿಯ ಎರಡು ಸಂಖ್ಯೆಗಳನ್ನು ಗುಣಿಸಿ ಶೇಷ ತೆಗೆದರೆ ಅದೂ ಪಟ್ಟಿಯಲ್ಲೇ ಇರಬೇಕು, ಏಕೆಂದರೆ ಎರಡು ವರ್ಗಗಳ ಗುಣಲಬ್ಧ ಕೂಡ ವರ್ಗವೇ. 8 ಮತ್ತು 13ನ್ನು ಗುಣಿಸಿದರೆ 104, ಅದರಲ್ಲಿ 92 ಕಳೆದರೆ 12, ಅದು ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವ 2ನ್ನು ಪಟ್ಟಿಯಲ್ಲಿಲ್ಲದ 5ರಿಂದ ಗುಣಿಸಿದರೆ 10, ಅದು ಪಟ್ಟಿಯಲ್ಲಿಲ್ಲ. ವಿಸ್ಮಯವಿರುವುದು ಇನ್ನೊಂದು ಜೋಡಿಯಲ್ಲಿ. ಪಟ್ಟಿಯಲ್ಲಿಲ್ಲದ 5 ಮತ್ತು ಪಟ್ಟಿಯಲ್ಲಿಲ್ಲದ 7ನ್ನು ಗುಣಿಸಿದರೆ 35, ಶೇಷ 12. ಅದು ಪಟ್ಟಿಯಲ್ಲಿದೆ! ಧನ, ಋಣ ಚಿಹ್ನೆಗಳ ಗುಣಾಕಾರದಂತೆಯೇ ಇಲ್ಲಿಯೂ ಎರಡು ‘ಇಲ್ಲ’ ಸೇರಿದರೆ ಒಂದು ‘ಉಂಟು’. ಅವಿಭಾಜ್ಯ ಭಾಜಕ ಇರುವಲ್ಲೆಲ್ಲ ಈ ನಿಯಮ ತಪ್ಪದೆ ನಡೆಯುತ್ತದೆ.

ಭಾಜಕ ಅವಿಭಾಜ್ಯವಲ್ಲದಿದ್ದರೆ ಇವೆಲ್ಲ ಕುಸಿಯುತ್ತವೆ. 15ಕ್ಕೆ ಏಳರ ತನಕ ಪಟ್ಟಿ ಮಾಡಿದರೆ ಬರುವುದು 1, 4, 9, 1, 10, 6, 4. ಕೂಡುವುದರಲ್ಲಿ ತಪ್ಪಿಲ್ಲ, ಆದರೂ 1 ಮತ್ತು 4 ಎರಡೆರಡು ಸಲ ಬಂದಿವೆ. 15 ಎಂದರೆ 3 ಮತ್ತು 5ರ ಗುಣಲಬ್ಧ. ಮೊತ್ತವನ್ನು 5 ಭಾಗಿಸಿ, ವ್ಯತ್ಯಾಸವನ್ನು 3 ಭಾಗಿಸಿದರೂ ಸಾಕಾಗುತ್ತದೆ. 4 ಮತ್ತು 1ರಲ್ಲಿ ಆದದ್ದು ಅದೇ. 2 ಮತ್ತು 7 ಎರಡೂ ಪಟ್ಟಿಯಲ್ಲಿಲ್ಲ, ಅವುಗಳ ಗುಣಲಬ್ಧ 14 ಕೂಡ ಇಲ್ಲ. ಆದ್ದರಿಂದ ಭಾಜಕ ಅವಿಭಾಜ್ಯವೇ ಎಂದು ಮೊದಲು ನೋಡಿಕೊಳ್ಳುವುದು ಈ ಲೆಕ್ಕದಲ್ಲಿ ತಪ್ಪಿಸಲಾಗದ ಕೆಲಸ.

ಫರ್ಮಾ ಕಂಡ 19

ವರ್ಗಗಳ ಶೇಷಪಟ್ಟಿಯನ್ನು ನಿಜವಾದ ಕೆಲಸಕ್ಕೆ ಹಚ್ಚಿದವರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ಪ್ರಮುಖರು. ವೃತ್ತಿಯಿಂದ ಅವರು ತುಲೂಸ್ ನಗರದ ನ್ಯಾಯಾಲಯದವರು. 1643ರ ಸುಮಾರಿನ ಒಂದು ಪತ್ರದಲ್ಲಿ ಅವರು 2027651281 ಎಂಬ ಸಂಖ್ಯೆಯನ್ನು ಅಪವರ್ತಿಸುವ ಬಗೆಯನ್ನು ವಿವರಿಸುತ್ತಾರೆ. ಆ ಸಂಖ್ಯೆಗಿಂತ ದೊಡ್ಡದಾದ ವರ್ಗಗಳನ್ನು ಒಂದೊಂದಾಗಿ ತೆಗೆದುಕೊಂಡು, ಅದರಿಂದ ಈ ಸಂಖ್ಯೆಯನ್ನು ಕಳೆಯಬೇಕು. ಉಳಿದದ್ದು ತಾನೂ ವರ್ಗವಾಗಿದ್ದರೆ ಅಪವರ್ತನಗಳು ಕೈಗೆ ಬಂದಂತೆ.

ಮೊದಲು ಸಿಗುವುದು 45030. ಅದರ ವರ್ಗದಿಂದ ಕಳೆದರೆ 49619. ಇದು ವರ್ಗವೇ? ಫರ್ಮಾ ವರ್ಗಮೂಲ ತೆಗೆಯಲು ಹೋಗಲಿಲ್ಲ. ಯಾವ ವರ್ಗವೂ 19ರಲ್ಲಿ ಮುಗಿಯದು ಎಂಬ ಕಾರಣ ಕೊಟ್ಟು ಅದನ್ನು ತಳ್ಳಿಹಾಕಿದರು. ಅದು ಶೇಷದ ಮಾತೇ. ಬೆಸ ಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿದರೆ ಯಾವಾಗಲೂ 1 ಉಳಿಯುತ್ತದೆ, 19ರಲ್ಲಿ ಮುಗಿಯುವ ಸಂಖ್ಯೆಯಾದರೋ 3 ಉಳಿಸುತ್ತದೆ.

ಹೀಗೆ ಒಂದೊಂದೇ ಮುಂದಕ್ಕೆ ಹೋಗಿ ಹನ್ನೆರಡನೆಯದಾದ 45041ಕ್ಕೆ ಬಂದಾಗ ಉಳಿದದ್ದು 1040400. ಅದು 1020ರ ವರ್ಗ. 45041ಕ್ಕೆ 1020 ಕೂಡಿಸಿದರೆ 46061, ಕಳೆದರೆ 44021. ಆ ದೊಡ್ಡ ಸಂಖ್ಯೆ ಇವೆರಡರ ಗುಣಲಬ್ಧ.

ನಡುವೆ ಬಂದ ಹತ್ತು ಸಂಖ್ಯೆಗಳನ್ನು ಇಂದಿನ ಓದುಗರು ತಾವೇ ಪರೀಕ್ಷಿಸಬಹುದು. ವರ್ಗಸಂಖ್ಯೆ ಎಂದೂ 2, 3, 7, 8ರಲ್ಲಿ ಮುಗಿಯದು. ಹಾಗಾಗಿ 229743, 319808, 680088, 770163 ನೋಡಿದೊಡನೆ ಹೊರಕ್ಕೆ. ಸೊನ್ನೆಯಲ್ಲಿ ಮುಗಿಯುವ ವರ್ಗಕ್ಕೆ ಎರಡು ಸೊನ್ನೆ ಬೇಕು. 139680 ಮತ್ತು 860240ಕ್ಕೆ ಒಂದೇ ಇದೆ. 5ರಲ್ಲಿ ಮುಗಿಯುವ ವರ್ಗ 25ರಲ್ಲೇ ಮುಗಿಯಬೇಕು. 409875 ಮತ್ತು 590015 ಹಾಗಿಲ್ಲ. 950319ರ ಕೊನೆಯಲ್ಲಿ ಮತ್ತೆ ಅದೇ 19. ಒಂಬತ್ತು ಸಂಖ್ಯೆಗಳು ಹೀಗೆ ಜರಡಿಯ ಮೇಲೆಯೇ ಉಳಿದವು. ಉಳಿಯದೆ ಜಾರಿದ್ದು ಒಂದು: 499944.

ಈ ಒಂದು ಸಂಖ್ಯೆ ಪಟ್ಟಿಯ ಮಿತಿಯನ್ನು ಬಹಳ ಚೆನ್ನಾಗಿ ತೋರಿಸಿಕೊಡುತ್ತದೆ. 7ರಿಂದ ಭಾಗಿಸಿದರೆ ಶೇಷ 4, ವರ್ಗಶೇಷ. 11ಕ್ಕೆ 5, ಅದೂ ವರ್ಗಶೇಷ, ಏಕೆಂದರೆ 4ರ ವರ್ಗ 16. 13ಕ್ಕೆ 3, ಅದೂ ಹೌದು. 17ಕ್ಕೆ 8, ಅದೂ ಹೌದು. 19ಕ್ಕೆ 16, 23ಕ್ಕೂ 16. 29ಕ್ಕೆ 13, 31ಕ್ಕೆ 7. ಈ ಎರಡು ಶೇಷಗಳನ್ನೂ 10ರ ವರ್ಗವಾದ 100 ಕೊಡುತ್ತದೆ. ಎಂಟು ಅವಿಭಾಜ್ಯಗಳ ಪಟ್ಟಿಗಳೂ ಇದನ್ನು ಬಿಟ್ಟುಕೊಟ್ಟವು. ಆದರೂ 499944 ವರ್ಗವಲ್ಲ! 707ರ ವರ್ಗ 499849, 708ರ ವರ್ಗ 501264. ಇದು ಎರಡರ ನಡುವೆ ಬೀಳುತ್ತದೆ.

ಅಂದರೆ ಪಟ್ಟಿಯ ‘ಇಲ್ಲ’ ಮತ್ತು ‘ಉಂಟು’ ಸಮಾನ ತೂಕದವಲ್ಲ. ಒಂದೇ ಒಂದು ಅವಿಭಾಜ್ಯದ ಪಟ್ಟಿ ‘ಇಲ್ಲ’ ಎಂದರೆ ಆ ಸಂಖ್ಯೆ ವರ್ಗವಲ್ಲ ಎಂಬುದು ಅಂತಿಮ. ‘ಉಂಟು’ ಎಂದರೆ ಅಷ್ಟೇ ಶೇಷವಿರುವ ಯಾವುದೋ ವರ್ಗ ಇದೆ ಎಂದು ಮಾತ್ರ ಅರ್ಥ. ಕೈಯಲ್ಲಿರುವ ಸಂಖ್ಯೆಯೇ ವರ್ಗ ಎಂದಲ್ಲ. 7ರ ಮಟ್ಟಿಗೆ 30 ವರ್ಗಶೇಷವೇ ಹೌದು, ಆದರೆ 30 ಯಾರ ವರ್ಗವೂ ಅಲ್ಲ.

499944ನ್ನು ಕೊನೆಗೂ ಹಿಡಿದುಕೊಡುವುದು ಎಲ್ಲರಿಗಿಂತ ಚಿಕ್ಕ ಬೆಸ ಅವಿಭಾಜ್ಯವಾದ 3. ಅಂಕಿಗಳ ಮೊತ್ತ 39, ಹಾಗಾಗಿ ಅದು 3ರಿಂದ ಭಾಗವಾಗುತ್ತದೆ, ಶೇಷ ಸೊನ್ನೆ. ಸೊನ್ನೆ ಬಂದಾಗ ಪಟ್ಟಿ ಮೌನವಾಗಿರುತ್ತದೆ, ಏಕೆಂದರೆ ಸೊನ್ನೆಯನ್ನು ವರ್ಗಶೇಷಗಳ ಸಾಲಿನಲ್ಲೂ ಸೇರಿಸುವುದಿಲ್ಲ, ಉಳಿದವುಗಳ ಸಾಲಿನಲ್ಲೂ ಸೇರಿಸುವುದಿಲ್ಲ. ಆಗ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಒಂದು ವರ್ಗ 3ರಿಂದ ಭಾಗವಾದರೆ ಅದು 9ರಿಂದಲೂ ಭಾಗವಾಗಲೇಬೇಕು. 39 ಒಂಬತ್ತರಿಂದ ಭಾಗವಾಗದು, 499944 ಕೂಡ ಆಗದು. ಸೊನ್ನೆ ಬಂದಿತೆಂದು ಆ ಅವಿಭಾಜ್ಯವನ್ನು ಸುಮ್ಮನೆ ದಾಟಿಹೋದವರಿಗೆ ಈ ಸುಳಿವು ಸಿಗುತ್ತಿರಲಿಲ್ಲ.

ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ

ಅವಿಭಾಜ್ಯ ಬೆಳೆದಂತೆ ಪಟ್ಟಿಯೂ ಬೆಳೆಯುತ್ತದೆ. 23ಕ್ಕೆ ಹನ್ನೊಂದು ಸಾಲು, 101ಕ್ಕೆ ಐವತ್ತು, 1009ಕ್ಕೆ 504. ನೂರರ ಆಸುಪಾಸಿನ ತನಕ ಪೆನ್ಸಿಲು, ಕಾಗದ ಸಾಕು. ಅಲ್ಲಿಂದಾಚೆ ಬೇರೆ ದಾರಿ ಬೇಕು. ಆ ದಾರಿ ಕೂಡ ಈ ಚಿಕ್ಕ ಪಟ್ಟಿಗಳಲ್ಲೇ ಅಡಗಿದೆ.

ಒಂದೇ ಸಂಖ್ಯೆಯನ್ನು, ಉದಾಹರಣೆಗೆ 5ನ್ನು, ಹಲವು ಅವಿಭಾಜ್ಯಗಳ ಪಟ್ಟಿಗಳಲ್ಲಿ ಹುಡುಕಿ ನೋಡೋಣ. 7ರ ಪಟ್ಟಿಯಲ್ಲಿ ಇಲ್ಲ. 11ರಲ್ಲಿ ಉಂಟು, 4ರ ವರ್ಗದಿಂದ. 13ರ ಪಟ್ಟಿ 1, 4, 9, 3, 12, 10, ಅಲ್ಲಿ ಇಲ್ಲ. 17ರ ಪಟ್ಟಿ 1, 4, 9, 16, 8, 2, 15, 13, ಅಲ್ಲಿಯೂ ಇಲ್ಲ. 19ರಲ್ಲಿ ಉಂಟು, 9ರ ವರ್ಗ 81, ಅದರಲ್ಲಿ 76 ಹೋದರೆ 5. 23ರಲ್ಲಿ ಇಲ್ಲ ಎಂದು ಮೇಲೆ ಕಂಡೆವು. 29ರಲ್ಲಿ ಉಂಟು, 11ರ ವರ್ಗ 121, ಅದರಲ್ಲಿ 116 ಹೋದರೆ 5. 31ರಲ್ಲಿ ಉಂಟು, 6ರ ವರ್ಗ 36.

‘ಉಂಟು’ ಎಂದವು 11, 19, 29, 31. ‘ಇಲ್ಲ’ ಎಂದವು 7, 13, 17, 23. ಕೊನೆಯ ಅಂಕಿಯನ್ನು ನೋಡಿದರೆ ಸಾಕು: 1 ಅಥವಾ 9ರಲ್ಲಿ ಮುಗಿಯುವ ಅವಿಭಾಜ್ಯಗಳು 5ನ್ನು ಒಪ್ಪಿವೆ, 3 ಅಥವಾ 7ರಲ್ಲಿ ಮುಗಿಯುವವು ಒಪ್ಪಿಲ್ಲ. ಹೀಗೆ ಮುಗಿಯುವುದೆಂದರೆ 5ರಿಂದ ಭಾಗಿಸಿದಾಗ 1 ಅಥವಾ 4 ಉಳಿಸುವುದು. ಆ 1 ಮತ್ತು 4 ಸ್ವತಃ 5ರ ಪಟ್ಟಿಯಲ್ಲಿರುವ ವರ್ಗಶೇಷಗಳು! ಅವಿಭಾಜ್ಯದ ಪಟ್ಟಿಯಲ್ಲಿ 5 ಇದೆಯೇ ಎಂಬ ಪ್ರಶ್ನೆಯೂ, 5ರ ಪಟ್ಟಿಯಲ್ಲಿ ಆ ಅವಿಭಾಜ್ಯದ ಶೇಷ ಇದೆಯೇ ಎಂಬ ಪ್ರಶ್ನೆಯೂ ಒಂದೇ ಉತ್ತರ ಕೊಡುತ್ತಿವೆ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಇಂಥ ವಿನ್ಯಾಸಗಳನ್ನು ಉದಾಹರಣೆಗಳಿಂದ ಗುರುತಿಸಿದರು. ಎಲ್ಲ ಬೆಸ ಅವಿಭಾಜ್ಯಗಳಿಗೂ ಹೊಂದುವ ಸಾಮಾನ್ಯ ನಿಯಮವನ್ನು ಸಾಧಿಸಿ ತೋರಿಸಿದವರು ಗೌಸ್. 1796ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ ಅವರಿಗೆ ಸಾಧನೆ ದಕ್ಕಿತು. 1801ರಲ್ಲಿ ಅವರ ಸಂಖ್ಯಾಶಾಸ್ತ್ರದ ಮಹಾಗ್ರಂಥದಲ್ಲಿ ಅದು ಅಚ್ಚಾಯಿತು. ಸಾಮಾನ್ಯ ನಿಯಮದಲ್ಲಿ ಒಂದು ತಿರುವಿದೆ: ಎರಡೂ ಅವಿಭಾಜ್ಯಗಳು 4ರಿಂದ ಭಾಗಿಸಿದಾಗ 3 ಉಳಿಸುವಂಥವಾದರೆ ಉತ್ತರಗಳು ಒಂದಕ್ಕೊಂದು ವಿರುದ್ಧವಾಗುತ್ತವೆ. 7ರ ಪಟ್ಟಿಯಲ್ಲಿ 11ರ ಶೇಷವಾದ 4 ಇದೆ, 11ರ ಪಟ್ಟಿಯಲ್ಲಿ 7 ಇಲ್ಲ. 5 ನಾಲ್ಕರಿಂದ ಭಾಗಿಸಿದಾಗ 1 ಉಳಿಸುವುದರಿಂದ ಅದಕ್ಕೆ ಈ ತೊಡಕು ಎಲ್ಲಿಯೂ ಇಲ್ಲ.

ಈ ನಿಯಮ ಕೈಯಲ್ಲಿದ್ದರೆ 103ರ ಮಟ್ಟಿಗೆ 5 ವರ್ಗಶೇಷವಲ್ಲ ಎನ್ನಲು ಐವತ್ತೊಂದು ವರ್ಗಗಳನ್ನು ಬರೆಯಬೇಕಾಗಿಲ್ಲ. 103 ಮುಗಿಯುವುದು 3ರಲ್ಲಿ. 101 ಮುಗಿಯುವುದು 1ರಲ್ಲಿ, ಆದ್ದರಿಂದ ಅಲ್ಲಿ 5 ವರ್ಗಶೇಷವೇ. ಆದರೆ ಅದು ಯಾರ ವರ್ಗದ ಶೇಷ ಎಂಬುದನ್ನು ನಿಯಮ ಹೇಳುವುದಿಲ್ಲ. ಅದು ಬೇಕಿದ್ದರೆ ಭಾಸ್ಕರರ ದಾರಿಯಲ್ಲೇ 5ಕ್ಕೆ 101ನ್ನು ಮತ್ತೆ ಮತ್ತೆ ಕೂಡಿಸುತ್ತ ಹೋಗಬೇಕು: 106, 207, 308, ಹೀಗೆ. ಇಪ್ಪತ್ತನೆಯ ಸಲ ಕೂಡಿಸಿದಾಗ 2025 ಬರುತ್ತದೆ. ಅದು 45ರ ವರ್ಗ.